ಒಂದೇ ಕಸದ ಗುಡ್ಡೆ, ಎರಡು ಲೆಕ್ಕ: 929 ಟನ್ನೋ, 2,050 ಟನ್ನೋ?

ಅಂಕಿಬುಟ್ಟಿ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ. ನನ್ನ ತಪ್ಪು ಎಲ್ಲಿದೆ ಅಂತ ಯಾರಾದರೂ ತೋರಿಸಿಕೊಡಿ.

ಒಂದು ತೆರೆದ ಡಂಪ್‌ಸೈಟ್. 2014ರ ಶುರುವಿನಿಂದ 2023ರ ಕೊನೆಯವರೆಗೆ ಕಸ ಬಿದ್ದಿದೆ, ವರ್ಷಕ್ಕೆ ಸುಮಾರು 30,000 ಟನ್. ಆಮೇಲೆ ಬಂದ್ ಆಗಿದೆ. ಮೇಲೆ ಮಣ್ಣಿನ ಹೊದಿಕೆ ಇಲ್ಲ, ಅನಿಲ ಹಿಡಿಯುವ ಬಾವಿಗಳೂ ಇಲ್ಲ. ಈಗ ಗುಡ್ಡೆ ಒಂಬತ್ತು ಹತ್ತು ಮೀಟರ್ ಎತ್ತರ ಇದೆ. ಬಿಸಿ ಪ್ರದೇಶ, ಸರಾಸರಿ ಮಳೆ ವರ್ಷಕ್ಕೆ 1,050 ಮಿಲಿಮೀಟರ್.

ಲಾರಿಯಿಂದ ಇಳಿಯುವಾಗಲೇ ಕಸ ಬೇರ್ಪಡಿಸಿ ತೂಕ ಮಾಡಿದ್ದಾರೆ. ಹಸಿ ತೂಕದಲ್ಲಿ ಆಹಾರದ ಕಸ 50%, ಗಿಡ ಎಲೆ ಕಸ 10%, ಕಾಗದ ಮತ್ತು ರಟ್ಟು 10%, ಬಟ್ಟೆ 5%. ಉಳಿದ 25% ಪ್ಲಾಸ್ಟಿಕ್, ಗಾಜು, ಮಣ್ಣು, ಕಲ್ಲು.

ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿರುವ ಫಸ್ಟ್ ಆರ್ಡರ್ ಡಿಕೇ ಮಾದರಿಯನ್ನೇ ಹಾಕಿದ್ದೇನೆ. ಬೆಲೆಗಳೆಲ್ಲ ಅಲ್ಲಿನ ಡೀಫಾಲ್ಟ್. 2024ಕ್ಕೆ ನನಗೆ 929 ಟನ್ ಮೀಥೇನ್ ಬರುತ್ತಿದೆ. ಇದೇ ಗುಡ್ಡೆಗೆ ಮೊದಲು ಒಬ್ಬ ಸಲಹೆಗಾರರು ಕೊಟ್ಟ ವರದಿಯಲ್ಲಿ 2,050 ಟನ್ ಅಂತಿದೆ. ಅದೇ ಟನ್ನೇಜ್, ಅದೇ ಶೇಕಡಾವಾರು, ಅದೇ ಮಾದರಿ. ಅವರ ಶೀಟ್ ನನ್ನ ಹತ್ತಿರ ಇಲ್ಲ, ಫಲಿತಾಂಶದ ಕೋಷ್ಟಕ ಮಾತ್ರ ಇದೆ. ಎರಡು ಪಟ್ಟಿಗೂ ಜಾಸ್ತಿ ವ್ಯತ್ಯಾಸ ಎಲ್ಲಿಂದ ಬಂತು?

ಸರಾಸರಿ

ಎರಡು ಪಟ್ಟು ಅಂದ ಕೂಡಲೇ ನೋಡಬೇಕಾದ್ದು ಎಂಸಿಎಫ್. ಮೀಥೇನ್ ಕರೆಕ್ಷನ್ ಫ್ಯಾಕ್ಟರ್, ಅಂದರೆ ಗಾಳಿ ಇಲ್ಲದ ಜಾಗದಲ್ಲಿ ಕೊಳೆಯುವ ಪಾಲು. ನಿರ್ವಹಣೆ ಇಲ್ಲದ ಸೈಟ್ ಐದು ಮೀಟರಿಗಿಂತ ಕಡಿಮೆ ಆಳ ಇದ್ದರೆ 0.4, ಜಾಸ್ತಿ ಇದ್ದರೆ 0.8. ನೀವು 0.4 ಹಾಕಿದ್ದೀರಿ, ಅವರು 0.8 ಹಾಕಿದ್ದಾರೆ. ಅಲ್ಲಿಗೆ ಮುಗೀತು. ನಾನು ಇಂಥ ನಾಲ್ಕೈದು ವರದಿ ನೋಡಿದ್ದೇನೆ, ಎಲ್ಲದರಲ್ಲೂ ಇದೇ ಕಥೆ.

ಅಂಕಿಬುಟ್ಟಿ

ಇಲ್ಲ ಸರ್, ನಾನು 0.8 ಹಾಕಿಯೇ 929 ಬಂದಿರುವುದು. 0.4 ಹಾಕಿದರೆ 465ಕ್ಕೆ ಇಳಿಯುತ್ತದೆ. 2,050 ಬರಬೇಕಾದರೆ ಎಂಸಿಎಫ್ 1.77 ಬೇಕು. ಅದು 1ಕ್ಕಿಂತ ಜಾಸ್ತಿ ಆಗೋದಿಲ್ಲ ಅಲ್ವಾ?

ಸರಾಸರಿ

ಹೌದು, ಆಗೋದಿಲ್ಲ. ಹಾಗಾದರೆ ಎರಡು ಸೇರಿರಬೇಕು. ಅವರು ಎಂಸಿಎಫ್ 1.0 ತಗೊಂಡಿರಬಹುದು. ಜೊತೆಗೆ ಡಿಒಸಿಎಫ್, ಅಂದರೆ ಇಂಗಾಲದಲ್ಲಿ ನಿಜಕ್ಕೂ ಕೊಳೆಯುವ ಪಾಲು. 1996ರ ಹಳೇ ಮಾರ್ಗಸೂಚಿಯಲ್ಲಿ ಅದು 0.77 ಇತ್ತು, 2006ರದರಲ್ಲಿ 0.5. ಹಳೇ ಟೆಂಪ್ಲೇಟ್ ಇಟ್ಟುಕೊಂಡವರು ಅದನ್ನೇ ಎಳೆದುಕೊಂಡು ಬರುತ್ತಾರೆ.

ಅಂಕಿಬುಟ್ಟಿ

ಅದನ್ನೂ ಹಾಕಿ ನೋಡಿದೆ. ಎರಡೂ ಸೇರಿ ಸುಮಾರು 1,790 ಬರುತ್ತದೆ. ಹತ್ತಿರ ಬಂತು, ಆದರೆ 2,050 ಆಗಲಿಲ್ಲ.

ನಿಧಾನಿ

ಮೇಡಂ, ಒಟ್ಟು ಮೊತ್ತವನ್ನು ಹೋಲಿಸುವುದನ್ನು ಸದ್ಯಕ್ಕೆ ಬಿಡಿ. ಎರಡು ಮೂರು ಗುಣಕಗಳನ್ನು ಸುಮ್ನೆ ತಿರುಗಿಸುತ್ತಾ ಹೋದರೆ ಯಾವ ಮೊತ್ತವನ್ನಾದರೂ ಮುಟ್ಟಬಹುದು. ಆಗ ಉತ್ತರ ಸಿಕ್ಕಿತು ಅನ್ನಿಸುತ್ತದೆ, ಸಿಕ್ಕಿರುವುದಿಲ್ಲ. ಆ ವರದಿಯ ಕೋಷ್ಟಕದಲ್ಲಿ ಕಸದ ಬಗೆಬಗೆಗೆ ಬೇರೆ ಬೇರೆ ಸಾಲು ಇದೆಯಾ? ಇದ್ದರೆ ನಿಮ್ಮ ಸಾಲಿನ ಪಕ್ಕ ಇಟ್ಟು ಇಲ್ಲಿ ಹಾಕಿ.

ಅಂಕಿಬುಟ್ಟಿ

ಇದೆ ಸರ್. 2024ರ ಮೀಥೇನ್, ಟನ್‌ಗಳಲ್ಲಿ:

ಆಹಾರದ ಕಸ: ನನ್ನದು 589, ಅವರದು 1,492
ಗಿಡ ಎಲೆ: ನನ್ನದು 131, ಅವರದು 320
ಕಾಗದ ಮತ್ತು ಬಟ್ಟೆ: ನನ್ನದು 209, ಅವರದು 238

ನಿಧಾನಿ

ಇಷ್ಟು ಸಾಕು. ಈಗ ಒಂದೊಂದು ಸಾಲನ್ನೂ ಭಾಗಿಸಿ. ಆಹಾರದಲ್ಲಿ ಅವರದು ನಿಮ್ಮ 2.53 ಪಟ್ಟು. ಗಿಡ ಎಲೆಯಲ್ಲಿ 2.45 ಪಟ್ಟು. ಕಾಗದ ಬಟ್ಟೆಯಲ್ಲಿ ಬರೀ 1.14 ಪಟ್ಟು.

ಎಂಸಿಎಫ್ ಇಡೀ ಸೈಟಿಗೆ ಒಂದೇ. ನೀವಿಬ್ಬರೂ ಬಳಸಿರುವ 2006ರ ಮಾದರಿಯಲ್ಲಿ ಡಿಒಸಿಎಫ್ ಡೀಫಾಲ್ಟ್ ಕೂಡ ಎಲ್ಲಾ ಬಗೆಗೂ ಒಂದೇ. ಅವು ಬದಲಾಗಿದ್ದರೆ ಮೂರು ಸಾಲೂ ಒಂದೇ ಪಟ್ಟು ಏರಬೇಕಿತ್ತು. ಏರಿಲ್ಲ. ಹಾಗಾಗಿ ಆ ದಾರಿ ಮುಚ್ಚಿತು.

ಉಳಿದದ್ದು ಕೊಳೆಯುವ ವೇಗ, k. ಅದು ಬಗೆಯಿಂದ ಬಗೆಗೆ ಬೇರೆ. ಆದರೆ ಅದೂ ಅಲ್ಲ. ಆಹಾರದ ಸಾಲನ್ನು ನೋಡಿ. ವರ್ಷಕ್ಕೆ 15,000 ಟನ್ ಆಹಾರದ ಕಸ, ಅದರಲ್ಲಿ 15% ಇಂಗಾಲ, ಅದರಲ್ಲಿ ಅರ್ಧ ಕೊಳೆಯುವಂಥದ್ದು, ಅದರಲ್ಲಿ 0.8 ಪಾಲು ಗಾಳಿ ಇಲ್ಲದ ಜಾಗದಲ್ಲಿ. 900 ಟನ್ ಇಂಗಾಲ ಆಯಿತು. ಅದರ ಅರ್ಧ ಮೀಥೇನ್ ಆಗುತ್ತದೆ, ತೂಕಕ್ಕೆ ತರಲು 16/12ರಿಂದ ಗುಣಿಸಿ. 600 ಟನ್ ಮೀಥೇನ್. ಒಂದು ವರ್ಷದ ಆಹಾರದ ಕಸ ತನ್ನ ಇಡೀ ಆಯಸ್ಸಿನಲ್ಲಿ ಕೊಡಬಲ್ಲದ್ದು ಇಷ್ಟೇ. ಪ್ರತಿ ವರ್ಷ ಒಂದೇ ಪ್ರಮಾಣ ಬೀಳುತ್ತಿದ್ದರೆ ಹೊರಬರುವುದು ಒಳಹೋಗುವುದನ್ನು ಮೀರುವಂತಿಲ್ಲ. k ಎಷ್ಟೇ ಏರಿಸಿ, 600 ದಾಟೋದಿಲ್ಲ. ನಿಮ್ಮ 589 ಆಗಲೇ ಆ ಮಿತಿಯ 98% ಮುಟ್ಟಿದೆ. ಅವರ 1,492 ಬರಬೇಕಾದರೆ ಒಳಗೆ ಹೋದ ಇಂಗಾಲವೇ ಜಾಸ್ತಿ ಇರಬೇಕು.

ಈಗ 2.53 ಎಲ್ಲಿಂದ ಬಂತು ನೋಡಿ. 38ನ್ನು 15ರಿಂದ ಭಾಗಿಸಿ. 2.45? 49ನ್ನು 20ರಿಂದ ಭಾಗಿಸಿ. ಐಪಿಸಿಸಿ ಕೋಷ್ಟಕದಲ್ಲಿ ಕೊಳೆಯಬಲ್ಲ ಇಂಗಾಲ, ಡಿಒಸಿ, ಎರಡು ಕಾಲಮ್‌ನಲ್ಲಿ ಇದೆ. ಒಂದು ಹಸಿ ತೂಕಕ್ಕೆ, ಇನ್ನೊಂದು ಒಣ ತೂಕಕ್ಕೆ. ಆಹಾರಕ್ಕೆ ಹಸಿ 15%, ಒಣ 38%. ಗಿಡ ಎಲೆಗೆ ಹಸಿ 20%, ಒಣ 49%. ಕಾಗದಕ್ಕೆ 40% ಮತ್ತು 44%, ಬಟ್ಟೆಗೆ 24% ಮತ್ತು 30%. ಕಾಗದ ಮೊದಲೇ ಒಣಗಿರುವ ವಸ್ತು, ಅದಕ್ಕೇ ಆ ಸಾಲು ಜಾಸ್ತಿ ಅಲ್ಲಾಡಲಿಲ್ಲ. ಆ ವರದಿ ಬರೆದವರು ಲಾರಿಯ ಹಸಿ ತೂಕಕ್ಕೆ ಒಣ ಕಾಲಮ್ ಹಾಕಿದ್ದಾರೆ.

ಅಂಕಿಬುಟ್ಟಿ

ಅಯ್ಯೋ! ಈಗಷ್ಟೇ ನನ್ನ ಶೀಟ್‌ನಲ್ಲಿ ಡಿಒಸಿ ಬದಲಾಯಿಸಿ ನೋಡಿದೆ. 1,492, 320, 238. ಮೂರೂ ಸಾಲು ಹಾಗೇ ಕೂತವು. ಕೈ ನಡುಗಿತು.

ನಿಧಾನಿ

ಒಣ ಕಾಲಮ್ ಬಳಸುವುದು ತಪ್ಪಲ್ಲ. ತೂಕವನ್ನೂ ಒಣಗಿಸಿರಬೇಕು, ಅಷ್ಟೇ. 100 ಕಿಲೋ ಆಹಾರದ ಕಸದಲ್ಲಿ ಒಣ ಪದಾರ್ಥ ಸುಮಾರು 40 ಕಿಲೋ. 40ಕ್ಕೆ 38% ಅಂದರೆ ಮತ್ತೆ 15 ಕಿಲೋ. ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ ಆದಾಗಲೇ ಕೆಡುವುದು.

ಗುಡ್ಡದಪಕ್ಕ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನಗೆ 929 ಕೂಡ ನಂಬಿಕೆ ಬರುತ್ತಿಲ್ಲ. ನಾವು ಒಂದು ಹಳೇ ಗುಡ್ಡೆಯನ್ನು ಐದು ಕಡೆ ಅಗೆಸಿ, ಕಸ ಹರಡಿ, ಕೈಯಲ್ಲೇ ಬೇರ್ಪಡಿಸಿದ್ದೆವು. ನಾನೇ ನಿಂತು ಮಾಡಿಸಿದ್ದು. ಆಹಾರ ಅಂತ ಗುರುತು ಸಿಕ್ಕಿದ್ದು 8% ಮಾತ್ರ. ಅರ್ಧಕ್ಕರ್ಧ ಕಪ್ಪು ಮಣ್ಣು. ನಿಮ್ಮದು 50% ಹೇಗೆ ಬಂತು? ಹಳೇ ಗುಡ್ಡೆಗೆ 8% ಹಾಕಿ ಲೆಕ್ಕ ಮಾಡಿದರೆ ಮೀಥೇನ್ ತುಂಬಾ ಕಡಿಮೆ ಬರುತ್ತದೆ. ನಾವು ಹಾಗೇ ಕೊಟ್ಟೆವು.

ನಿಧಾನಿ

ಸರ್, ಆ ಕಪ್ಪು ಮಣ್ಣೇ ನಿಮ್ಮ ಆಹಾರದ ಕಸ. ಈ ಮಾದರಿ ಕೇಳುವುದು ಕಸ ಬಿದ್ದ ದಿನ ಏನಿತ್ತು ಅಂತ. ಅಗೆದಾಗ ಸಿಗುವುದು ಕೊಳೆತ ಮೇಲೆ ಏನು ಉಳಿಯಿತು ಅನ್ನುವುದು. k 0.4 ಇದ್ದರೆ ಆಹಾರದ ಕಸ ಅರ್ಧ ಆಗಲು ಒಂದೂಮುಕ್ಕಾಲು ವರ್ಷ ಸಾಕು. ಹತ್ತು ವರ್ಷದ ಪದರದಲ್ಲಿ ಕೊಳೆಯಬೇಕಾದ್ದರಲ್ಲಿ ಉಳಿಯುವುದು ನೂರಕ್ಕೆ ಎರಡು. ಆ 8%ನ್ನು ಬಿದ್ದ ದಿನದ ಪಾಲು ಅಂತ ಹಾಕಿ, ಮತ್ತೆ ಹತ್ತು ವರ್ಷ ಕೊಳೆಸಿದರೆ ಒಂದೇ ಕಸವನ್ನು ಎರಡು ಸಲ ಕೊಳೆಸಿದಂತೆ.

ಅಗೆದ ಮಾಹಿತಿ ದಂಡ ಅಂತ ಹೇಳುತ್ತಿಲ್ಲ. ಆಳದ ಪದರದಲ್ಲಿ ದಿನಪತ್ರಿಕೆ ಓದುವ ಹಾಗೆ ಸಿಕ್ಕಿತಾ, ಮುದ್ದೆಯಾಗಿತ್ತಾ? ತೇವ ಎಷ್ಟಿತ್ತು? ಇವು k ಬಗ್ಗೆ ಹೇಳುತ್ತವೆ.

ಗುಡ್ಡದಪಕ್ಕ

ಪತ್ರಿಕೆ ಸಿಕ್ಕಿತ್ತು. ಆರು ವರ್ಷ ಹಳೇದು, ತಾರೀಕು ಓದಬಹುದಿತ್ತು. ನಮ್ಮ ವರದಿ ಬಗ್ಗೆ ನೀವು ಹೇಳಿದ್ದು ಸರಿ ಇರಬಹುದು, ಮತ್ತೆ ಕೂತು ನೋಡುತ್ತೇನೆ. ಆದರೆ ಲಾರಿ ಹತ್ತಿರ ಬೇರ್ಪಡಿಸಿದ ಲೆಕ್ಕವೂ ಪೂರ್ತಿ ಸರಿ ಇಲ್ಲ. ಲಾರಿ ಸುರಿದ ಮೇಲೆ ಆಯುವವರು ಬರುತ್ತಾರೆ. ರಟ್ಟು, ಒಳ್ಳೇ ಕಾಗದ, ಬಟ್ಟೆ ಅರ್ಧ ದಿನದಲ್ಲಿ ಖಾಲಿ. ಗುಡ್ಡೆಯೊಳಗೆ ಹೋಗುವುದು ಆಮೇಲೆ ಉಳಿದದ್ದು. ಅದನ್ನು ನಾನು ದಿನಾ ಕಣ್ಣಾರೆ ನೋಡುತ್ತಿದ್ದೆ.

ನಿಧಾನಿ

ಇದು ಬಹಳ ಸರಿಯಾದ ಮಾತು. ಇದನ್ನು ನಾನೇ ಕೇಳಬೇಕಿತ್ತು. ಮೇಡಂ, ನಿಮ್ಮ ಮಾದರಿ ತೆಗೆದದ್ದು ಆಯುವ ಮೊದಲೋ ಆಮೇಲೋ?

ಅಂಕಿಬುಟ್ಟಿ

ಮೊದಲು. ಲಾರಿ ಸುರಿದ ಕೂಡಲೇ. ಆಯುವವರ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ.

ಕಾಗದ ರಟ್ಟಿನಲ್ಲಿ ಅರ್ಧ ಎತ್ತಿಕೊಂಡು ಹೋಗುತ್ತಾರೆ ಅಂತ ಇಟ್ಟು ಲೆಕ್ಕ ಹಾಕಿದೆ. 2024ರದು 929ರಿಂದ 849ಕ್ಕೆ ಇಳಿಯಿತು. ದೊಡ್ಡದೇನಲ್ಲ ಅಂದುಕೊಂಡೆ. ಆದರೆ 2030ರದು 238 ಇದ್ದದ್ದು 185 ಆಯಿತು. ದೂರ ಹೋದಷ್ಟೂ ಪೆಟ್ಟು ಜಾಸ್ತಿ. ಯಾಕೆ?

ನಿಧಾನಿ

ಆ ಹೊತ್ತಿಗೆ ಗುಡ್ಡೆಯಲ್ಲಿ ಉಸಿರಾಡುತ್ತಿರುವುದು ಕಾಗದ ಬಟ್ಟೆಯೇ. 2024ರಲ್ಲಿ ಮೀಥೇನಿನ ಮೂರರಲ್ಲಿ ಎರಡು ಪಾಲಿನ ಹತ್ತಿರ ಆಹಾರದ್ದು. ಆರು ವರ್ಷ ಬಿಟ್ಟು ನೋಡಿ. ಆಹಾರದ್ದು 53 ಟನ್ನಿಗೆ ಇಳಿದಿರುತ್ತದೆ, ಕಾಗದ ಬಟ್ಟೆಯದು 138ರಲ್ಲಿ ನಿಂತಿರುತ್ತದೆ. ಬೇಗ ಕೊಳೆಯುವುದು ಬೇಗ ಮುಗಿಯುತ್ತದೆ.

ಸರಾಸರಿ

ನಾನು ಒಂದು ಕೇಳಲಾ? ಇಷ್ಟೆಲ್ಲ ಬಗೆ ಬಗೆ ಬಿಡಿಸುವ ಕಷ್ಟ ಯಾಕೆ? ಬಿಸಿ ಮತ್ತು ಮಳೆಯ ಪ್ರದೇಶಕ್ಕೆ ಮಿಶ್ರ ಕಸದ k ಅಂತ 0.17 ಕೊಟ್ಟಿದ್ದಾರೆ. ಅದನ್ನೇ ಇಡೀ ಗುಡ್ಡೆಗೆ ಹಾಕಿದೆ. 2024ಕ್ಕೆ 961 ಬಂತು. 929ಕ್ಕೂ 961ಕ್ಕೂ ಏನು ಮಹಾ ವ್ಯತ್ಯಾಸ? ಈ ಕ್ಷೇತ್ರದಲ್ಲಿ 3% ಅಂದರೆ ಏನೂ ಅಲ್ಲ.

ನಿಧಾನಿ

2024ಕ್ಕೆ ನಿಮ್ಮ ಮಾತು ಒಪ್ಪುತ್ತೇನೆ. ಅದೇ ಶೀಟನ್ನು 2030ರವರೆಗೆ ಎಳೆಯಿರಿ.

ಸರಾಸರಿ

347. ಓಹೋ. ಅಲ್ಲಿ 238 ಇದೆ.

ನಿಧಾನಿ

ಸುಮಾರು 45% ಜಾಸ್ತಿ. ಕಸ ಬೀಳುತ್ತಿರುವಾಗ ಎರಡೂ ದಾರಿ ಒಂದೇ ಕಡೆ ಹೋಗುತ್ತಿರುವ ಹಾಗೆ ಕಾಣುತ್ತವೆ. ಪ್ರತಿ ವರ್ಷದ ಹೊಸ ಆಹಾರದ ಕಸ ತಪ್ಪನ್ನು ಮುಚ್ಚಿಡುತ್ತದೆ. ಗೇಟ್ ಮುಚ್ಚಿದ ಮೇಲೆ ದಾರಿ ಕವಲೊಡೆಯುತ್ತದೆ. ಬಗೆ ಬಿಡಿಸಿದ ಲೆಕ್ಕ ಮೊದಲ ಮೂರು ನಾಲ್ಕು ವರ್ಷ ಕಡಿದಾಗಿ ಇಳಿದು, ಆಮೇಲೆ ಉದ್ದಕ್ಕೆ ಮಲಗುತ್ತದೆ. ಮಿಶ್ರ k ಹಾಕಿದರೆ ಒಂದೇ ಇಳಿಜಾರು. ಮುಚ್ಚಿದ ಗುಡ್ಡೆಗೆ ಅನಿಲ ಬಾವಿ ಹಾಕಬೇಕಾ ಅಂತ ಯಾರಾದರೂ ಈ ಲೆಕ್ಕ ಹಿಡಿದು ನಿರ್ಧರಿಸಿದರೆ, ಬಾವಿ ತಯಾರಾಗುವ ಹೊತ್ತಿಗೆ ಅಂದುಕೊಂಡ ಅನಿಲ ಅಲ್ಲಿ ಇರುವುದಿಲ್ಲ. ಇದನ್ನು ನಾನು ನೋಡಿದ್ದೇನೆ. ಯಂತ್ರ ತಂದು ಇಟ್ಟ ಮೇಲೆ ಅದು ಪೂರ್ತಿ ಓಡಿದ್ದೇ ಇಲ್ಲ. ಆ ಲೆಕ್ಕದಲ್ಲಿ ನನ್ನ ಕೈಯೂ ಇತ್ತು. ಅದಕ್ಕೇ ಈ ವಿಷಯದಲ್ಲಿ ಇಷ್ಟು ಒತ್ತಿ ಹೇಳುತ್ತೇನೆ.

ಕೋಷ್ಟಕ

ಎರಡು ದಿನದಿಂದ ಓದುತ್ತಿದ್ದೇನೆ. ನನ್ನ ಶೀಟ್‌ನಲ್ಲಿ ಇದೇ ಅಂಕಿ ಹಾಕಿದರೆ 929 ಬರುತ್ತಿಲ್ಲ, 1,074 ಬರುತ್ತದೆ. ಡಿಒಸಿ ಹಸಿಯದ್ದೇ. ಎಂಸಿಎಫ್ 0.8. ಸೂತ್ರ ಇದು:

```
E(T) = D * k * exp(-k*n)
```

D ಅಂದರೆ ಒಂದು ವರ್ಷದ ಕಸದಲ್ಲಿರುವ ಕೊಳೆಯುವ ಇಂಗಾಲ. n ಅಂದರೆ ಕಸ ಬಿದ್ದ ಮೇಲಿನ ವರ್ಷ, 0ಯಿಂದ ಶುರು. ಇದರಲ್ಲಿ ತಪ್ಪೇನು?

ನಿಧಾನಿ

ನಿಮ್ಮ ಸೂತ್ರ ಒಂದು ಕ್ಷಣದ ವೇಗ ಕೊಡುತ್ತದೆ. ನಿಮಗೆ ಬೇಕಾದ್ದು ಇಡೀ ವರ್ಷದಲ್ಲಿ ಕೊಳೆತದ್ದು. ವರ್ಷದ ಶುರುವಿನ ವೇಗವನ್ನೇ ಹನ್ನೆರಡು ತಿಂಗಳೂ ಎಳೆದಿದ್ದೀರಿ. ಅಷ್ಟರಲ್ಲಿ ಕಸ ಕರಗುತ್ತಾ ವೇಗವೂ ಇಳಿದಿರುತ್ತದೆ. D ಪಕ್ಕದ k ಜಾಗಕ್ಕೆ `(1-exp(-k))` ಹಾಕಿ. ಕಾಗದಕ್ಕೆ, k 0.07 ಇರುವಲ್ಲಿ, ವ್ಯತ್ಯಾಸ ಕಣ್ಣಿಗೆ ಬೀಳೋದಿಲ್ಲ. ಆಹಾರಕ್ಕೆ 0.4ರ ಬದಲು 0.33 ಆಗುತ್ತದೆ.

ಇದನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ಲೆಕ್ಕವನ್ನು ಮುನ್ನೂರು ನಾನೂರು ವರ್ಷ ಓಡಿಸಿ, ಎಲ್ಲಾ ವರ್ಷದ ಮೀಥೇನ್ ಕೂಡಿಸಿ. ಈ ಗುಡ್ಡೆಯಲ್ಲಿ ವರ್ಷಕ್ಕೆ 1,764 ಟನ್ ಕೊಳೆಯುವ ಇಂಗಾಲ, ಅಂದರೆ 1,176 ಟನ್ ಮೀಥೇನ್. ಹತ್ತು ವರ್ಷಕ್ಕೆ 11,760. ಕೂಡಿಸಿದ್ದು ಅಲ್ಲಿಗೇ ನಿಲ್ಲಬೇಕು. ನಿಮ್ಮ ಸೂತ್ರದಲ್ಲಿ ಆಹಾರದ ಸಾಲು ತನ್ನಲ್ಲಿರುವ ಇಂಗಾಲಕ್ಕಿಂತ 21% ಜಾಸ್ತಿ ಕೊಡುತ್ತದೆ. ಇಲ್ಲದ ಇಂಗಾಲ ಎಲ್ಲಿಂದ ಬರಬೇಕು?

ಕೋಷ್ಟಕ

ನಿಜ. ಕೂಡಿಸಿ ನೋಡಿದೆ, 11,760 ದಾಟಿ ಹೋಗುತ್ತಿತ್ತು. ಸರಿ ಮಾಡಿದ್ದೇನೆ. ಬೇರೆಯವರಿಗೂ ಅನುಕೂಲ ಆಗಲಿ ಅಂತ ಹಾಕುತ್ತಿದ್ದೇನೆ:

```python
from math import exp
D = {"food": (900, 0.40),
     "garden": (240, 0.17),
     "paper_textile": (624, 0.07)}

def ch4(T):
    s = 0
    for d, k in D.values():
        for x in range(2014, 2024):
            if T > x:
                s += d * exp(-k*(T-1-x)) * (1 - exp(-k))
    return s * 0.5 * 16/12

print(ch4(2024), ch4(2030))
print(sum(ch4(t) for t in range(2015, 2500)))
```

929, 238, ಕೊನೆಗೆ 11,760. ಬಿದ್ದ ವರ್ಷದಲ್ಲಿ ಏನೂ ಕೊಳೆಯೋದಿಲ್ಲ, ಮುಂದಿನ ಜನವರಿಯಿಂದ ಶುರು ಅಂತ ಇಟ್ಟಿದ್ದೇನೆ. ಐಪಿಸಿಸಿ ಡೀಫಾಲ್ಟ್ ಅದೇ ಅಲ್ವಾ?

ನಿಧಾನಿ

ಅದೇ. ಕಸ ವರ್ಷಪೂರ್ತಿ ಬೀಳುವುದರಿಂದ ಸರಾಸರಿ ಆರು ತಿಂಗಳ ತಡ ಆಗುತ್ತದೆ.

ಅಂಕಿಬುಟ್ಟಿ

ಇನ್ನೊಂದು ವಿಷಯ ಸಿಕ್ಕಿತು. ಹಳೇ ಫೋಟೋಗಳನ್ನು ನೋಡಿದೆ. 2017ರ ಕೊನೆಯವರೆಗೆ ಅಲ್ಲಿ ಗುಡ್ಡೆಯೇ ಇರಲಿಲ್ಲ. ಕಸವನ್ನು ಅಗಲಕ್ಕೆ ಹರಡಿದ್ದರು, ಮೂರು ಮೀಟರ್ ಇದ್ದಿರಬಹುದು. 2018ರಿಂದ ಎತ್ತರಕ್ಕೆ ಪೇರಿಸಿದ್ದಾರೆ. ಹಾಗಾದರೆ ಮೊದಲ ನಾಲ್ಕು ವರ್ಷದ ಕಸಕ್ಕೆ ಎಂಸಿಎಫ್ 0.4 ಹಾಕಬೇಕಾ? ಹಾಕಿದರೆ 929 ಇದ್ದದ್ದು 860 ಆಗುತ್ತದೆ.

ಸರಾಸರಿ

ನೋಡಿ, ಕೊನೆಗೂ ಎಂಸಿಎಫ್‌ಗೇ ಬಂತು!

ಆದರೆ ಈಗ ಗುಡ್ಡೆ ಹತ್ತು ಮೀಟರ್ ಇದೆ. ಕೆಳಗಿನ ಕಸದ ಮೇಲೆ ಏಳು ಮೀಟರ್ ಹೊಸ ಕಸ ಕೂತಿದೆ. ಅದಕ್ಕೂ ಈಗ ಗಾಳಿ ಹೋಗೋದಿಲ್ಲ. ಎಲ್ಲಕ್ಕೂ 0.8 ಹಾಕುವುದೇ ಸರಿ.

ನಿಧಾನಿ

ಮಾರ್ಗಸೂಚಿಯ ಪ್ರಕಾರ ಎಂಸಿಎಫ್ ಕಸ ಬಿದ್ದ ವರ್ಷಕ್ಕೆ ಅಂಟಿಕೊಂಡಿರುತ್ತದೆ. ಬಿದ್ದ ಹೊಸದರಲ್ಲಿ, ಗಾಳಿ ಆಡುವಾಗ, ಒಂದಷ್ಟು ಇಂಗಾಲ ಮೀಥೇನ್ ಆಗದೆ ಇಂಗಾಲದ ಡೈಆಕ್ಸೈಡ್ ಆಗಿ ಹೋಗಿಬಿಡುತ್ತದೆ. ಆಮೇಲೆ ಮೇಲೆ ಎಷ್ಟೇ ಪೇರಿಸಿದರೂ ಹೋದ ಇಂಗಾಲ ತಿರುಗಿ ಬರೋದಿಲ್ಲ. ಹಾಗಾಗಿ ಮೊದಲ ನಾಲ್ಕು ವರ್ಷಕ್ಕೆ 0.4, ಆಮೇಲೆ 0.8. ನಾನು 860 ಬರೆಯುತ್ತೇನೆ.

ಗುಡ್ಡದಪಕ್ಕ

ಆಹಾರದ ಮಟ್ಟಿಗೆ ಒಪ್ಪಿದೆ. ಅದು ಒಂದೆರಡು ವರ್ಷದಲ್ಲಿ ಮುಗಿದಿರುತ್ತದೆ. ಆದರೆ ಕಾಗದ? ನಾವು ಅಗೆದಾಗ ಆರು ವರ್ಷದ ಪತ್ರಿಕೆ ಓದಬಹುದಿತ್ತು ಅಂದೆನಲ್ಲ. 2017ರಲ್ಲಿ ಬಿದ್ದ ರಟ್ಟು ಒಂದೇ ವರ್ಷ ಗಾಳಿಗೆ ಬಿದ್ದಿತ್ತು, ಆಮೇಲೆ ಹೂತುಹೋಯಿತು. ಅದರ 60% ಗಾಳಿಯಲ್ಲೇ ಹೋಯಿತು ಅನ್ನುವುದು ನನಗೆ ಒಪ್ಪಿಗೆ ಆಗೋದಿಲ್ಲ. ನೀವು ಹೇಳುವುದು ಪುಸ್ತಕದ ಪ್ರಕಾರ ಸರಿ, ಗುಡ್ಡೆಯ ಪ್ರಕಾರ ಅಲ್ಲ.

ನಿಧಾನಿ

ನಿಮ್ಮ ಮಾತಲ್ಲಿ ತೂಕ ಇದೆ. ಬಗೆಗೊಂದು ಎಂಸಿಎಫ್ ಕೊಡುವ ವ್ಯವಸ್ಥೆ ಈ ಮಾದರಿಯಲ್ಲಿ ಇಲ್ಲ. ಕಾಗದಕ್ಕೆ 0.8 ಬಿಟ್ಟು ಆಹಾರ ಮತ್ತು ಗಿಡ ಎಲೆಗೆ ಮಾತ್ರ 0.4 ಹಾಕಿದರೆ ಸುಮಾರು 893 ಬರುತ್ತದೆ. 860ಕ್ಕೂ 893ಕ್ಕೂ ನಡುವೆ ಜಗಳ ಆಡುವಷ್ಟು ನಮ್ಮ ಟನ್ನೇಜ್ ಗಟ್ಟಿ ಇಲ್ಲ. ವರದಿಯಲ್ಲಿ 860 ಹಾಕಿ, ನಿಮ್ಮ ಅನುಮಾನವನ್ನೂ ಬರೆಯಬೇಕು ಅಂತ ನನ್ನ ಅಭಿಪ್ರಾಯ.

ಮಳೆಮಾಪಕ

ನನ್ನ ಗಮನ ಬೇರೆ ಕಡೆ ಇದೆ. ಮಳೆ 1,050 ಮಿಲಿಮೀಟರ್ ಅಂದಿದ್ದೀರಿ. ಬಿಸಿ ಪ್ರದೇಶದಲ್ಲಿ ಒಣ ಮತ್ತು ತೇವ ಅಂತ ಬೇರೆ ಮಾಡುವ ಗೆರೆ ಇರುವುದೇ 1,000ದಲ್ಲಿ. ನಿಮ್ಮ ಗುಡ್ಡೆ ಗೆರೆಯಿಂದ 50 ಮಿಲಿಮೀಟರ್ ಆಚೆ ಇದೆ. ಈ ಸರಾಸರಿ ಎಷ್ಟು ವರ್ಷದ್ದು? ಮಾಪಕ ಎಷ್ಟು ದೂರದಲ್ಲಿದೆ?

ಗೆರೆಯ ಈಚೆಗೆ ಬಂದರೆ ಆಹಾರದ k 0.4ರಿಂದ 0.085ಕ್ಕೆ ಬೀಳುತ್ತದೆ. ಗಿಡ ಎಲೆಗೆ 0.065, ಕಾಗದ ಬಟ್ಟೆಗೆ 0.045. ಹಾಕಿ ನೋಡಿದೆ. ಹತ್ತೂ ವರ್ಷಕ್ಕೆ ಎಂಸಿಎಫ್ 0.8 ಇಟ್ಟರೆ 2024ಕ್ಕೆ 571 ಟನ್. 929 ಎಲ್ಲಿ, 571 ಎಲ್ಲಿ? ನೀವು ಇಷ್ಟು ಹೊತ್ತು ಮಾತಾಡಿದ ಎಂಸಿಎಫ್ ವ್ಯತ್ಯಾಸಕ್ಕಿಂತ ಇದು ಐದು ಪಟ್ಟು ದೊಡ್ಡದು.

ಅಂಕಿಬುಟ್ಟಿ

ಸರಾಸರಿ ಹನ್ನೆರಡು ವರ್ಷದ್ದು. ಮಾಪಕ 18 ಕಿಲೋಮೀಟರ್ ದೂರ. ಅದರಲ್ಲಿ ಐದು ವರ್ಷ 1,000ಕ್ಕಿಂತ ಕೆಳಗಿದೆ. ಈಗ ನಿಜಕ್ಕೂ ಭಯ ಆಗುತ್ತಿದೆ.

2030ಕ್ಕೆ ಒಣ ಬೆಲೆಗಳಲ್ಲಿ 373 ಬರುತ್ತದೆ. ತೇವದ್ದಕ್ಕಿಂತ ಜಾಸ್ತಿ! ಇದು ತಪ್ಪಾ?

ಮಳೆಮಾಪಕ

ತಪ್ಪಲ್ಲ. ಒಟ್ಟು 11,760 ಬದಲಾಗಿಲ್ಲ ಅಲ್ವಾ? ಈಗ ಕೊಡದೆ ಉಳಿಸಿಕೊಂಡದ್ದನ್ನು ಆಮೇಲೆ ಕೊಡುತ್ತದೆ. k ಯಾವಾಗ ಬರುತ್ತದೆ ಅಂತ ಹೇಳುತ್ತದೆ, ಎಷ್ಟು ಅಂತ ಹೇಳೋದಿಲ್ಲ.

ನಿಧಾನಿ

ನಾನು ತೇವದ ಬೆಲೆಯನ್ನೇ ಇಡುತ್ತೇನೆ. ಆಹಾರದ ಕಸ ಅರ್ಧದಷ್ಟಿದೆ, ಅದು ತನ್ನ ನೀರನ್ನು ತಾನೇ ಹೊತ್ತು ತರುತ್ತದೆ. ಗುಡ್ಡೆಯ ಬುಡದಲ್ಲಿ ಕಪ್ಪು ನೀರು ವರ್ಷವಿಡೀ ಹರಿಯುತ್ತಿದ್ದರೆ ಒಳಗೆ ತೇವ ಇದೆ ಅಂತಲೇ ಅರ್ಥ. ತೇವದ ಕಡೆಯೂ ಆಹಾರದ k ಒಂದೇ ಅಂಕಿ ಅಲ್ಲ, 0.17ರಿಂದ 0.7ರವರೆಗೆ ವ್ಯಾಪ್ತಿ ಕೊಟ್ಟಿದ್ದಾರೆ. ಅದರ ಕೆಳ ತುದಿಯನ್ನೂ ಓಡಿಸಿ ನೋಡಿ.

ಮಳೆಮಾಪಕ

ಹರಿಯುತ್ತಿದ್ದರೆ ಅಂದಿರಿ. ಮೇಡಂ, ಹರಿಯುತ್ತದಾ?

ಅಂಕಿಬುಟ್ಟಿ

ಮಳೆಗಾಲದಲ್ಲಿ ಜೋರಾಗಿ. ಬೇಸಿಗೆಯ ನಾಲ್ಕು ತಿಂಗಳು ಕಾಲುವೆ ಒಣಗಿರುತ್ತದೆ, ಬಿರುಕು ಬಿಟ್ಟಿರುತ್ತದೆ. ನಾನೇ ನೋಡಿದ್ದೇನೆ.

ಮಳೆಮಾಪಕ

ಹಾಗಾದರೆ ನಾನು ತೇವ ಅಂತ ಒಪ್ಪೋದಿಲ್ಲ. ಮೇಲಿನ ಪದರ ಒಣ, ಒಳಗೆ ಏನೋ ಗೊತ್ತಿಲ್ಲ. ಎರಡು ಕಡೆ ಕೊರೆದು ತೇವ ಅಳೆಯುವವರೆಗೆ 571 ಮತ್ತು 929 ಎರಡನ್ನೂ ಬರೆಯಬೇಕು. ಒಂದೇ ಅಂಕಿ ಬರೆದರೆ ಓದುವವರು ಅದನ್ನೇ ಸತ್ಯ ಅಂದುಕೊಳ್ಳುತ್ತಾರೆ.

ನಿಧಾನಿ

ಕೊರೆಸಬೇಕು ಅನ್ನುವುದನ್ನು ಒಪ್ಪಿದೆ. ಎರಡಕ್ಕೂ ಒಂದೇ ತೂಕ ಕೊಡುವುದನ್ನು ಒಪ್ಪಿಲ್ಲ.

ಅಂಕಿಬುಟ್ಟಿ

ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹಳೇ ವರದಿ ಬರೆದವರಿಗೆ ಮೂರು ಸಾಲಿನ ಹೋಲಿಕೆ ಕಳಿಸಿದ್ದೆ. ಇವತ್ತು ಉತ್ತರ ಬಂತು. ಒಣ ಕಾಲಮ್ ಹಾಕಿದ್ದು ಹೌದು, ತಿದ್ದುತ್ತೇವೆ ಅಂದಿದ್ದಾರೆ. ತುಂಬಾ ಮರ್ಯಾದೆಯಿಂದ ಬರೆದಿದ್ದಾರೆ, ಅದು ಖುಷಿ ಆಯಿತು. ಎರಡು ಕಡೆ ಕೊರೆಸಲು ಕೂಡ ಒಪ್ಪಿಗೆ ಸಿಕ್ಕಿದೆ. ಎಂಟು ಮೀಟರ್ ಆಳದವರೆಗೆ, ಮೀಟರಿಗೊಂದು ಮಾದರಿ.

ಅವರು ಒಂದು ಪ್ರಶ್ನೆ ತಿರುಗಿ ಕೇಳಿದ್ದಾರೆ. 2019ರ ಬೇಸಿಗೆಯಲ್ಲಿ ಗುಡ್ಡೆಗೆ ಬೆಂಕಿ ಬಿದ್ದು ಹನ್ನೊಂದು ದಿನ ಉರಿದಿದೆ. ಅದನ್ನು ನೀವು ಕಳೆದಿದ್ದೀರಾ ಅಂತ. ನಾನು ಕಳೆದಿಲ್ಲ.

ಗುಡ್ಡದಪಕ್ಕ

ಉರಿದದ್ದು ಮೇಲಿನ ಹೊಸ ಕಸವೋ, ಒಳಗಿನಿಂದ ಹೊಗೆಯೋ? ಎರಡೂ ಬೇರೆ. ಮೇಲೆ ಉರಿದರೆ ಹೋಗುವುದು ಹೆಚ್ಚಾಗಿ ಕಾಗದ, ಬಟ್ಟೆ, ಪ್ಲಾಸ್ಟಿಕ್. ಹಸಿ ಆಹಾರ ಅಷ್ಟಾಗಿ ಉರಿಯೋದಿಲ್ಲ.

ನಿಧಾನಿ

ಉರಿದ ಟನ್ನನ್ನು ಆ ವರ್ಷದ ಕಸದಿಂದ ಕಳೆಯಬೇಕು, ಕಾಗದ ಬಟ್ಟೆಯ ಸಾಲಿನಿಂದ ಜಾಸ್ತಿ. ಉರಿದದ್ದರ ಹೊಗೆಯನ್ನು ತೆರೆದ ಬೆಂಕಿಯ ಲೆಕ್ಕದಲ್ಲಿ ಬೇರೆ ತೋರಿಸಬೇಕು. ಎರಡೂ ಕಡೆ ಸೇರಿಸಿದರೆ ಒಂದೇ ಇಂಗಾಲವನ್ನು ಎರಡು ಸಲ ಎಣಿಸಿದಂತೆ. ಉರಿದ ಜಾಗ ಎಷ್ಟು ಅಗಲ, ಎಷ್ಟು ಆಳ ಅಂತ ತಿಳಿಯಲು ಆ ದಿನಗಳ ಫೋಟೋ ಏನಾದರೂ ಇದೆಯಾ?

ಅಂಕಿಬುಟ್ಟಿ

ಒಂದೇ ಒಂದು ಇದೆ. ರಸ್ತೆಯಿಂದ ತೆಗೆದದ್ದು, ಹೊಗೆ ಬಿಟ್ಟರೆ ಏನೂ ಕಾಣೋದಿಲ್ಲ. ಕೊರೆಯುವಾಗ 2019ರ ಪದರದಲ್ಲಿ ಬೂದಿ ಸಿಗುತ್ತದಾ ನೋಡುತ್ತೇನೆ.

ಗುಡ್ಡದಪಕ್ಕ

ಸಿಗುತ್ತದೆ. ಬಿಳಿ ಬೂದಿ, ಕರಗಿ ಗಟ್ಟಿಯಾದ ಪ್ಲಾಸ್ಟಿಕ್ ಪದರ ಹುಡುಕಿ. ಕೊರೆಯುವ ದಿನ ತಿಳಿಸಿ, ಸಾಧ್ಯವಾದರೆ ನಾನೂ ಬರುತ್ತೇನೆ.